ಸಂಜೆಯ ಹತ್ತಕ್ಕೆ ಎಂಟು

“ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ. ಬೆಳಿಗ್ಗೆ ಪತ್ರಿಕೆ ಓದಿ, ಸಂಜೆ ಮೊಬೈಲ್ ನೆನಪಿಸಿದಾಗ ಕ್ವಿಜ್ ಮಾಡಿದರೆ ಹತ್ತಕ್ಕೆ ಎಂಟು ಸರಿಯಾಗುತ್ತವೆ. ಭಾನುವಾರ ಇಡೀ ವಾರದ್ದನ್ನು ಮತ್ತೆ ಓದುತ್ತೇನೆ. ಆದರೂ ತಿಂಗಳ ಅಣಕು ಪರೀಕ್ಷೆಯಲ್ಲಿ ಪ್ರಚಲಿತ ವಿದ್ಯಮಾನವೇ ಕೈಕೊಡುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?”
— ಓದುಗರೊಬ್ಬರು, ಹಾವೇರಿ

ಪ್ರಿಯ ಓದುಗರೇ,

ಆ ಎಂಟು ಅಂಕಗಳನ್ನು ನಂಬಬೇಡಿ. ಬೆಳಿಗ್ಗೆ ಓದಿದ ಸುದ್ದಿ ಸಂಜೆಗೆ ಇನ್ನೂ ಹಸಿಯಾಗಿರುತ್ತದೆ, ನಾಲ್ಕು ಆಯ್ಕೆಗಳ ನಡುವೆ ಅದರ ಗುರುತು ಸುಲಭವಾಗಿ ಸಿಗುತ್ತದೆ. ರಿಮೈಂಡರ್ ಅದೇ ಹೊತ್ತಿಗಿರಲಿ, ಪ್ರಶ್ನೆಗಳನ್ನು ಬದಲಿಸಿ: ಐದು ನಿನ್ನೆಯವು, ಐದು ಕಳೆದ ವಾರದ ಇದೇ ದಿನದವು. ‘ಕ್ವಿಜ್ ಸಮಯ’ ಎಂದಷ್ಟೇ ಬರೆದ ರಿಮೈಂಡರನ್ನು ಬೆರಳು ಅಭ್ಯಾಸಬಲದಿಂದ ಸರಿಸಿಬಿಡುತ್ತದೆ. ‘ನಿನ್ನೆಯ 5, ಕಳೆದ ಮಂಗಳವಾರದ 5’ ಎಂದು ಬರೆದಿಟ್ಟರೆ ಮಾಡಬೇಕಾದ ಕೆಲಸ ಎದುರಿಗೇ ನಿಲ್ಲುತ್ತದೆ.

ಪ್ರಶ್ನೆಗಳನ್ನು ಓದುವಾಗಲೇ ನೀವೇ ಬರೆದುಕೊಳ್ಳಿ, ಆಯ್ಕೆಗಳನ್ನು ಕೊಡಬೇಡಿ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸುದ್ದಿಯನ್ನೇ ನೋಡಿ. ಮೂರು ಹೆಸರು ಬಾಯಿಪಾಠವಾದರೆ ಸಾಲದು. ಇವುಗಳಲ್ಲಿ ಹಾಸನ ಜಿಲ್ಲೆಯಲ್ಲಿಲ್ಲದ್ದು ಯಾವುದು, ಶಿವಾಲಯ ಯಾವುದು, ರಾಜ್ಯದಿಂದ ಮೊದಲೇ ಪಟ್ಟಿಗೆ ಸೇರಿದ್ದ ತಾಣಗಳು ಯಾವುವು ಎಂದು ಪ್ರಶ್ನೆಪತ್ರಿಕೆ ಕೇಳಬಹುದು. ಸೋಮನಾಥಪುರವನ್ನೂ ಹಾಸನಕ್ಕೆ ಸೇರಿಸಿದವರು ಸುದ್ದಿಯನ್ನು ಮರೆತವರಲ್ಲ, ಹೊಯ್ಸಳರ ಪಾಠದಲ್ಲಿಯೇ ಹಿಂದುಳಿದವರು.

ಹಾಗಾಗಿ ಪ್ರತಿ ತಪ್ಪಿನ ಪಕ್ಕದಲ್ಲಿ ಕಾರಣವನ್ನು ಒಂದಕ್ಷರದಲ್ಲಿ ಗುರುತಿಸಿ: ಗೊತ್ತೇ ಇರಲಿಲ್ಲವಾದರೆ ‘ಇ’, ಒಂದನ್ನು ಇನ್ನೊಂದೆಂದು ತಿಳಿದು ಗೊಂದಲವಾಗಿದ್ದರೆ ‘ಗೊ’, ಊಹೆಯಾದರೆ ‘ಊ’. ಊಹೆ ಸರಿಯಾದರೂ ಗುರುತು ಹಾಕಲೇಬೇಕು, ಏಕೆಂದರೆ ತಪ್ಪುತ್ತರಕ್ಕೆ ಕಾಲು ಅಂಕ ಕಳೆಯುವ ಪರೀಕ್ಷೆಯಲ್ಲಿ ಅದೇ ಊಹೆ ನಿಮ್ಮ ವಿರುದ್ಧ ತಿರುಗೀತು.

ಭಾನುವಾರ ಇಡೀ ವಾರವನ್ನು ಮತ್ತೆ ಓದುವುದನ್ನು ಬಿಡಿ. ಹೆಚ್ಚು ಗುರುತು ಬಿದ್ದ ಎರಡೇ ವಿಷಯಗಳನ್ನು ಆರಿಸಿ, ಪತ್ರಿಕೆಯನ್ನು ಬದಿಗಿಟ್ಟು ಪಠ್ಯಪುಸ್ತಕಕ್ಕೆ ಹೋಗಿ. ಹೊಯ್ಸಳರಾದರೆ ಒಂದು ಪುಟದಲ್ಲಿ ಕೋಷ್ಟಕ ಬರೆಯಿರಿ: ಬೇಲೂರಿನ ಚೆನ್ನಕೇಶವ, ವಿಷ್ಣುವರ್ಧನ, 1117, ಹಳೇಬೀಡಿನ ಹೊಯ್ಸಳೇಶ್ವರ, ಶಿವಾಲಯ, ಸೋಮನಾಥಪುರದ ಕೇಶವ, ಮೂರನೆಯ ನರಸಿಂಹನ ಕಾಲ, 1258, ಮೈಸೂರು ಜಿಲ್ಲೆ. ಕೆಳಗೆ ಮೊದಲೇ ಯುನೆಸ್ಕೊ ಪಟ್ಟಿ ಸೇರಿದ್ದ ತಾಣಗಳು: ಹಂಪಿ 1986, ಪಟ್ಟದಕಲ್ಲು 1987, ಪಶ್ಚಿಮಘಟ್ಟ 2012. ಬುಧವಾರ ಖಾಲಿ ಹಾಳೆಯಲ್ಲಿ ಅದನ್ನೇ ನೋಡದೆ ಬರೆಯಿರಿ. ಎರಡು ಬೇರೆ ಬೇರೆ ವಾರಗಳಲ್ಲಿ ತಪ್ಪಿಲ್ಲದೆ ಬಂದ ಮೇಲೆಯೇ ಆ ವಿಷಯವನ್ನು ದುರ್ಬಲ ವಿಷಯಗಳ ಪಟ್ಟಿಯಿಂದ ತೆಗೆಯಿರಿ.

ಎಲ್ಲ ಸುದ್ದಿಗೂ ಇಂಥ ಬೇರು ಇರುವುದಿಲ್ಲ. ಪ್ರಶಸ್ತಿ, ನೇಮಕಾತಿಗಳನ್ನು ಮರಳಿ ಮರಳಿ ಕೇಳಿಕೊಳ್ಳುವುದೊಂದೇ ದಾರಿ. ರೆಪೊ ದರದಂಥವುಗಳಲ್ಲಿ ಇನ್ನೊಂದು ತೊಡಕಿದೆ: ರಿಸರ್ವ್ ಬ್ಯಾಂಕಿನ ಆರು ಸದಸ್ಯರ ಹಣಕಾಸು ನೀತಿ ಸಮಿತಿ ಸಭೆ ಸೇರಿ ದರ ಬದಲಿಸಿದ ದಿನ ನಿಮ್ಮ ಹಳೆಯ ಸರಿಯುತ್ತರ ತಪ್ಪಾಗಿಬಿಡುತ್ತದೆ. ಅಂಥ ಉತ್ತರದ ಪಕ್ಕದಲ್ಲಿ ದಿನಾಂಕವನ್ನು ಬರೆದಿಡಿ. ದರ ಬದಲಾದಾಗ ಹಳೆಯದರ ಮೇಲೆ ಒಂದು ಗೆರೆ ಎಳೆದು ಹೊಸದನ್ನು ಕೆಳಗೆ ಬರೆಯಿರಿ, ಆದರೆ ಹಳೆಯದನ್ನು ಪೂರ್ತಿ ಅಳಿಸಬೇಡಿ, ಎಷ್ಟು ಏರಿತು ಅಥವಾ ಇಳಿಯಿತು ಎಂಬ ಪ್ರಶ್ನೆಗೆ ಅದೂ ಬೇಕಾಗುತ್ತದೆ.

— ಸಂಪಾದಕ