‘ಇಳಿಯಬೇಡಿ’ ಅಂದರೆ ಜನ ಯಾಕೆ ಇಳಿಯುತ್ತಾರೆ?

ಎರಡು ನಿಲ್ದಾಣಗಳ ಮಧ್ಯೆ ಮೆಟ್ರೋ ರೈಲು ನಿಂತುಬಿಟ್ಟರೆ ಹೇಳೋಕೆ ಒಂದು ಪ್ರಕಟಣೆ ಬರೆಯುತ್ತಿದ್ದೇವೆ. ಇಂಗ್ಲಿಷ್‌ನಲ್ಲಿ ಬರೆದು ಕನ್ನಡಕ್ಕೆ, ಹಿಂದಿಗೆ ಅನುವಾದ ಮಾಡಿದ್ದೇವೆ. ಕನ್ನಡದ್ದು ಮಾತ್ರ ಯಾವಾಗಲೂ ಉದ್ದ ಆಗುತ್ತೆ, ಕೇಳಿದವರಿಗೆ ಅರ್ಥವೂ ಆಗಲ್ಲ. ಕನ್ನಡದಲ್ಲೇ ಏನಾದರೂ ತೊಂದರೆ ಇದೆಯಾ?

ಕನ್ನಡದಲ್ಲಿ ತೊಂದರೆ ಇಲ್ಲ. ಅನುವಾದ ಮಾಡಿದ್ದೇ ತೊಂದರೆ. ಈ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಬರುತ್ತದೆ, ಹಾಗಾಗಿ ಈ ಸಲ ಪೂರ್ತಿ ಬರೆಯುತ್ತೇನೆ.

ನೀವು ಕಳಿಸಿದ ಕನ್ನಡ ಪಾಠ ಇದು: “ಪ್ರಯಾಣಿಕರ ಗಮನಕ್ಕೆ. ತಾಂತ್ರಿಕ ದೋಷದಿಂದಾಗಿ ರೈಲು ಸಂಚಾರದಲ್ಲಿ ವ್ಯತ್ಯಯ ಉಂಟಾಗಿದ್ದು, ಪ್ರಯಾಣಿಕರು ತಮ್ಮ ಸುರಕ್ಷತೆಯ ದೃಷ್ಟಿಯಿಂದ ಯಾವುದೇ ಕಾರಣಕ್ಕೂ ರೈಲಿನಿಂದ ಕೆಳಗೆ ಇಳಿಯಬಾರದೆಂದು ವಿನಂತಿಸಲಾಗಿದೆ.”

ಒಟ್ಟು 18 ಪದ. ಏನು ಮಾಡಬೇಕು ಅನ್ನೋದು 17ನೇ ಪದದಲ್ಲಿದೆ. ಅದೂ ಆ ಪದದ ನಡುವೆ, ‘ಬಾರದು’ ಅನ್ನುವ ಚೂರಿನಲ್ಲಿ. ಎಸಿ ಸದ್ದು, ಮಗುವಿನ ಅಳು, ಫೋನಿನಲ್ಲಿ ಮಾತಾಡುವವರ ಗಲಾಟೆ, ಇಷ್ಟರ ಮಧ್ಯೆ ಜನರಿಗೆ ಕೇಳಿಸೋದು “ರೈಲಿನಿಂದ ಕೆಳಗೆ ಇಳಿ...” ಅಷ್ಟೇ. ಮುಂದಿನದನ್ನು ಅವರೇ ಊಹಿಸಿಕೊಳ್ಳುತ್ತಾರೆ.

ಇಂಗ್ಲಿಷ್‌ನಲ್ಲಿ ‘ಡು ನಾಟ್’ ವಾಕ್ಯದ ಶುರುವಿನಲ್ಲೇ ಬರುತ್ತದೆ. ಹಿಂದಿಯಲ್ಲಿ ‘ಮತ್’ ಸಾಮಾನ್ಯವಾಗಿ ಕ್ರಿಯಾಪದಕ್ಕೆ ಮುಂಚೆ ಬರುತ್ತದೆ. ಕನ್ನಡದಲ್ಲಿ ಬೇಡ ಅನ್ನೋದು ಕ್ರಿಯಾಪದದ ಬಾಲದಲ್ಲಿ ಅಂಟಿಕೊಂಡಿರುತ್ತದೆ: ಇಳಿಯಬೇಡಿ, ಮುಟ್ಟಬೇಡಿ, ಓಡಬೇಡಿ. ನಾವು ಮಾತಾಡುವಾಗ ವಾಕ್ಯದ ಕೊನೆಗೆ ದನಿ ಇಳಿಯುತ್ತದೆ, ಉಸಿರೂ ಕಡಿಮೆಯಾಗುತ್ತದೆ. ಸುರಂಗದ ನಿಲ್ದಾಣದಲ್ಲಾದರೆ ಹಿಂದಿನ ಪದದ ಪ್ರತಿಧ್ವನಿ ಬಂದು ಮುಂದಿನದನ್ನು ಮುಚ್ಚುತ್ತದೆ. ಅಂದರೆ ತೀರಾ ಮುಖ್ಯವಾದ ಚೂರು ತೀರಾ ದುರ್ಬಲವಾದ ಜಾಗದಲ್ಲಿ ಕೂತಿದೆ. ಇಂಗ್ಲಿಷ್‌ನಿಂದ ಅನುವಾದ ಮಾಡುವವರಿಗೆ ಇದು ಕಾಣುವುದೇ ಇಲ್ಲ, ಯಾಕೆಂದರೆ ಕಾಗದದ ಮೇಲೆ ಎರಡೂ ಸರಿಯಾಗಿಯೇ ಇರುತ್ತವೆ.

ನಾನು ಇದನ್ನು ಕಲಿತದ್ದು ಒಂದು ಅಣಕು ಕಾರ್ಯಾಚರಣೆಯಲ್ಲಿ. “ಬೆಂಕಿ ಬಿದ್ದಿದೆ, ಲಿಫ್ಟ್ ಬಳಸಬೇಡಿ, ಮೆಟ್ಟಿಲು ಬಳಸಿ” ಅಂತ ನಾನೇ ಬರೆದುಕೊಟ್ಟಿದ್ದೆ. ಪ್ರಕಟಣೆ ಆದ ಮೇಲೆ ನೋಡಿದರೆ ಆರೇಳು ಜನ ಲಿಫ್ಟ್ ಮುಂದೆ ಸಾಲು ನಿಂತಿದ್ದಾರೆ. ಒಬ್ಬ ಅಜ್ಜಿಯನ್ನು ಕೇಳಿದೆ. “ಲಿಫ್ಟ್ ಅಂದ್ರಲ್ಲಪ್ಪಾ” ಅಂದರು. ಅವರ ತಪ್ಪೇನೂ ಇಲ್ಲ. ಆ ವಾಕ್ಯದಲ್ಲಿ ಸ್ಪಷ್ಟವಾಗಿ ಕೇಳಿಸಿದ ಪದ ಅದೊಂದೇ. ಅವತ್ತಿನಿಂದ, ಜನ ಯಾವುದನ್ನು ಬಳಸಬಾರದೋ ಅದರ ಹೆಸರನ್ನೇ ನಾನು ಎತ್ತುವುದಿಲ್ಲ. “ಮೆಟ್ಟಿಲಲ್ಲಿ ಬನ್ನಿ” ಅಂದರೆ ಸಾಕು.

ಹಾಗಾದರೆ ‘ಇಳಿಯಬೇಡಿ’ ಬಿಟ್ಟು ‘ರೈಲಿನಲ್ಲೇ ಉಳಿಯಿರಿ’ ಅನ್ನೋಣ ಅಂತ ನಿಮಗೆ ಅನಿಸಬಹುದು. ದಯವಿಟ್ಟು ಬೇಡ. ಇಳಿಯಿರಿ, ಉಳಿಯಿರಿ: ಎರಡನ್ನೂ ಒಮ್ಮೆ ಜೋರಾಗಿ ಹೇಳಿ ನೋಡಿ. ವ್ಯತ್ಯಾಸ ಇರೋದು ಮೊದಲ ಸ್ವರದಲ್ಲಿ ಮಾತ್ರ. ಅದು ಸರಿಯಾಗಿ ಕೇಳದಿದ್ದರೆ ಎರಡೂ ‘ಳಿಯಿರಿ’ಯೇ. ಒಂದು ಪದ ಜೀವ ಉಳಿಸುತ್ತದೆ, ಇನ್ನೊಂದು ಜನರನ್ನು ಹಳಿಗೆ ಇಳಿಸುತ್ತದೆ. ಒಳಗೆ, ಹೊರಗೆ ಕೂಡ ಹೀಗೇ. ನಮ್ಮಲ್ಲಿ ಎಷ್ಟೋ ಜನ ‘ಹ’ ಬಿಟ್ಟು ‘ಒರಗೆ’ ಅಂತಾರೆ. ಕಳಪೆ ಸ್ಪೀಕರ್‌ನಲ್ಲಿ ‘ಒಳಗೆ’ಗೂ ‘ಒರಗೆ’ಗೂ ಎಷ್ಟು ಅಂತರ ಉಳಿಯುತ್ತೆ ಹೇಳಿ? ಎಡಗಡೆ, ಬಲಗಡೆಯನ್ನೂ ಒಂದೇ ಸಲ ಹೇಳಿ ನಂಬಿಕೊಳ್ಳಬೇಡಿ.

ಆದ್ದರಿಂದ ಎರಡು ಆಜ್ಞೆಗಳಿಗೆ ಒಂದಕ್ಕೊಂದು ಎಲ್ಲೂ ಹೋಲದ ಕ್ರಿಯಾಪದ ಇಟ್ಟುಕೊಳ್ಳಿ. ನಿಲ್ಲಿಸಲು ‘ಇರಿ’, ಕರೆಯಲು ‘ಬನ್ನಿ’. ಇವುಗಳನ್ನು ಬದಲಿಸಬೇಡಿ, ಚಂದಕ್ಕೆ ಸಮಾನಾರ್ಥ ಪದ ಹುಡುಕಬೇಡಿ. ನಿಮ್ಮ ಪ್ರಕಟಣೆಯನ್ನು ನಾನು ಹೀಗೆ ಬರೆಯುತ್ತೇನೆ:

“ಗಮನಿಸಿ. ಇದ್ದಲ್ಲೇ ಇರಿ. ರೈಲಿನಲ್ಲೇ ಇರಿ. ಹಳಿಯಲ್ಲಿ ಕರೆಂಟ್ ಇದೆ. ನಮ್ಮ ಸಿಬ್ಬಂದಿ ಬರುತ್ತಿದ್ದಾರೆ.”

ಒಟ್ಟು 11 ಪದ. ‘ಗಮನಿಸಿ’ ಕಳೆದುಹೋದರೂ ಪರವಾಗಿಲ್ಲ, ಅದನ್ನು ಇಟ್ಟಿರೋದೇ ಅದಕ್ಕೆ. ಮೈಕ್‌ನ ಗುಂಡಿ ಒತ್ತಿದ ಕೂಡಲೇ ಮಾತಾಡಿದರೆ ಮೊದಲ ಅಕ್ಷರಗಳು ಹೊರಗೆ ಬರುವುದೇ ಇಲ್ಲ. ಆಮೇಲೆ ಆಜ್ಞೆ ಎರಡು ಸಲ ಬರುತ್ತದೆ, ಬೇರೆ ಬೇರೆ ಪದಗಳಲ್ಲಿ. ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ಕಾರಣ ಅದರ ನಂತರ, ಮೂರೇ ಪದದಲ್ಲಿ. ನಮ್ಮ ಮೆಟ್ರೋದಲ್ಲಿ ಹಳಿಯ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್ ವಿದ್ಯುತ್ ಇರುತ್ತದೆ. ಜನರಿಗೆ ವೋಲ್ಟ್ ಲೆಕ್ಕ ಬೇಡ, ‘ಕರೆಂಟ್’ ಅಂದರೆ ಸಾಕು. ‘ವಿದ್ಯುತ್ ಪ್ರವಾಹ’ ಅನ್ನಬೇಡಿ, ಪ್ರವಾಹ ಅಂದರೆ ನೀರು ಅಂದುಕೊಳ್ಳುವವರೂ ಇದ್ದಾರೆ.

ಇನ್ನು ಉಳಿದ ಭಾಷೆಗಳು. ಈ ಕನ್ನಡವನ್ನು ಅನುವಾದ ಮಾಡಬೇಡಿ. ನಾಲ್ಕು ಸಂಗತಿಗಳನ್ನು ಮಾತ್ರ ಒಂದು ಚೀಟಿಯಲ್ಲಿ ಬರೆಯಿರಿ: ಅಲ್ಲಾಡಬಾರದು, ರೈಲಿನಲ್ಲೇ ಇರಬೇಕು, ಕರೆಂಟ್ ಇದೆ, ಸಹಾಯ ಬರುತ್ತಿದೆ. ಆ ಚೀಟಿಯನ್ನು ಆಯಾ ಭಾಷೆಯನ್ನು ಮನೆಯಲ್ಲಿ ಆಡುವವರಿಗೆ ಕೊಟ್ಟು, “ನಿಮ್ಮ ಅಮ್ಮನಿಗೆ ಕೂಗಿ ಹೇಳಬೇಕಾದರೆ ಹೇಗೆ ಹೇಳ್ತೀರಿ?” ಅಂತ ಕೇಳಿ. ಹಿಂದಿಯಲ್ಲಿ “ಅಪ್ನೀ ಜಗಹ್ ಪರ್ ರಹಿಯೇ. ಟ್ರೇನ್ ಮೇಂ ಹೀ ರಹಿಯೇ” ಅಂತ ಬರುತ್ತದೆ. ಇಂಗ್ಲಿಷ್‌ನಲ್ಲಿ “ಸ್ಟೇ ವೇರ್ ಯು ಆರ್. ಸ್ಟೇ ಇನ್ ದ ಟ್ರೈನ್.” ಓದುವವರು ಕನ್ನಡದವರಾದರೆ ಎಲ್ಲವನ್ನೂ ಹೀಗೇ ಕನ್ನಡ ಲಿಪಿಯಲ್ಲಿ ಬರೆದುಕೊಡಿ. ಗಾಬರಿಯಲ್ಲಿ ಇರುವವರಿಗೆ ಲಿಪಿ ಬದಲಿಸಿ ಓದುವ ಕೆಲಸ ಕೊಡಬಾರದು.

ಒಂದು ಭಾಷೆಗೆ 10 ಸೆಕೆಂಡ್, ಅದಕ್ಕಿಂತ ಜಾಸ್ತಿ ಬೇಡ. ಮೂರು ಭಾಷೆಗೆ ಅರ್ಧ ನಿಮಿಷ. ನಿಮ್ಮ ಹಳೇ ಪಾಠಕ್ಕೆ ಸುಮಾರು 20 ಸೆಕೆಂಡ್ ಬೇಕು. ಮೂರನೇ ಭಾಷೆಯವರು 40 ಸೆಕೆಂಡ್ ಅರ್ಥವಾಗದ ಮಾತು ಕೇಳುತ್ತಾ ನಿಲ್ಲಬೇಕು. ಅಷ್ಟರಲ್ಲಿ ಯಾರಾದರೂ ಒಬ್ಬರು ಬಾಗಿಲಿಗೆ ಕೈ ಹಾಕಿರುತ್ತಾರೆ. ಒಂದು ಸುತ್ತು ಮೂರೂ ಭಾಷೆ ಮುಗಿಸಿ, ಮತ್ತೆ ಮೊದಲಿಂದ ಹೇಳಿ. ಕನ್ನಡವನ್ನೇ ಎರಡು ಸಲ ಹೇಳಿ ಆಮೇಲೆ ಮುಂದಿನ ಭಾಷೆಗೆ ಹೋಗಬೇಡಿ.

ರೈಲಿನಿಂದ ಇಳಿಯುವುದು ಎಷ್ಟು ದೊಡ್ಡ ಅಪಾಯ ಅಂತ ಅನುಮಾನ ಇರುವವರಿಗೆ ಒಂದು ಮಾತು. 2025ರ ಜನವರಿ 22ರಂದು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿ ಪುಷ್ಪಕ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಕಿ ಅಂತ ಸುದ್ದಿ ಹಬ್ಬಿತು. ಬೆಂಕಿ ಇರಲಿಲ್ಲ. ಚೈನ್ ಎಳೆದು ಪಕ್ಕದ ಹಳಿಗೆ ಇಳಿದವರ ಮೇಲೆ ಬೆಂಗಳೂರಿನಿಂದ ಹೊರಟಿದ್ದ ಕರ್ನಾಟಕ ಎಕ್ಸ್‌ಪ್ರೆಸ್ ಹರಿಯಿತು. ಕನಿಷ್ಠ 12 ಮಂದಿ ಸತ್ತರು. ಆ ಹೊತ್ತಿನಲ್ಲಿ ಎಲ್ಲರಿಗೂ ಅರ್ಥವಾಗುವ ಒಂದು ವಾಕ್ಯ ಬೇಕಿತ್ತು.

ಆದರೆ ‘ರೈಲಿನಲ್ಲೇ ಇರಿ’ ಯಾವಾಗಲೂ ಸರಿಯಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. 2003ರ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾದ ದೇಗು ನಗರದ ಸುರಂಗ ನಿಲ್ದಾಣದಲ್ಲಿ ಒಬ್ಬ ರೈಲಿಗೆ ಬೆಂಕಿ ಹಚ್ಚಿದ. ಎದುರಿನಿಂದ ಬಂದ ಇನ್ನೊಂದು ರೈಲು ಅದರ ಪಕ್ಕದಲ್ಲೇ ನಿಂತಿತು. ಅದರ ಪ್ರಯಾಣಿಕರಿಗೆ ಒಳಗೇ ಕಾಯುವಂತೆ ಹೇಳಲಾಯಿತು. ಸತ್ತ 192 ಜನರಲ್ಲಿ ಹೆಚ್ಚಿನವರು ಆ ಎರಡನೇ ರೈಲಿನವರು. ಹಾಗಾಗಿ ಈ ಪ್ರಕಟಣೆ ತಾನಾಗಿಯೇ ಶುರುವಾಗುವಂತೆ ಯಂತ್ರಕ್ಕೆ ಜೋಡಿಸಬೇಡಿ. ಒಳಗೆ ಹೊಗೆ ಇದೆಯಾ ಇಲ್ವಾ ಅಂತ ಒಬ್ಬ ಮನುಷ್ಯ ನೋಡಿ, ಕೇಳಿ, ಆಮೇಲೆ ಒತ್ತಬೇಕು. ಅದರ ಪಕ್ಕದಲ್ಲೇ “ಹೊಗೆ ಇದೆ. ಬನ್ನಿ. ಸಿಬ್ಬಂದಿಯ ಹಿಂದೆ ನಡೆದು ಬನ್ನಿ” ಅನ್ನುವ ಇನ್ನೊಂದು ಪಾಠ ಬೇರೆ ಬಣ್ಣದ ಹಾಳೆಯಲ್ಲಿ ತಯಾರಿರಲಿ. ಕರೆಂಟ್ ತೆಗೆದಿದ್ದಾರೆ, ಸಿಬ್ಬಂದಿ ಬಾಗಿಲಲ್ಲಿದ್ದಾರೆ ಅಂತ ನಿಯಂತ್ರಣ ಕೊಠಡಿ ಖಚಿತ ಮಾಡಿದ ಮೇಲೆ ಮಾತ್ರ ಅದನ್ನು ಓದಬೇಕು.

ಕೊನೆಗೆ ಪರೀಕ್ಷೆ. ಕಚೇರಿಯ ಎಸಿ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೇಳಿ ತಲೆಯಾಡಿಸಿದರೆ ಅದು ಪರೀಕ್ಷೆ ಅಲ್ಲ. ಸಂಜೆ ಆರೂವರೆಗೆ ಪ್ಲಾಟ್‌ಫಾರಂನಲ್ಲಿ, ಪಕ್ಕದ ಹಳಿಗೆ ರೈಲು ಬರುವಾಗ ಹಾಕಿ. ಆದರೆ ತುರ್ತು ಪಾಠವನ್ನಲ್ಲ, ಅದೇ ಉದ್ದದ, ಅದೇ ಕ್ರಿಯಾಪದಗಳಿರುವ ಒಂದು ಸಾಧಾರಣ ಸೂಚನೆಯನ್ನು. ಪೂರ್ತಿ ಪಾಠವನ್ನು ರಾತ್ರಿ ಸಂಚಾರ ನಿಂತ ಮೇಲೆ, ಹಗಲಿನ ಗದ್ದಲವನ್ನು ರೆಕಾರ್ಡ್ ಮಾಡಿಕೊಂಡು ಜೊತೆಗೆ ಹಾಕಿ ಕೇಳಿಸಿ. ಕಸ ಗುಡಿಸುವವರನ್ನು, ಸೆಕ್ಯೂರಿಟಿಯವರನ್ನು, ಬೇರೆ ರಾಜ್ಯದಿಂದ ಬಂದ ಕೆಲಸಗಾರರನ್ನು ನಿಲ್ಲಿಸಿಕೊಳ್ಳಿ. “ಅರ್ಥ ಆಯ್ತಾ?” ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. “ಈಗ ಏನ್ ಮಾಡ್ತೀರಿ?” ಅಂತ ಕೇಳಿ. ಹತ್ತರಲ್ಲಿ ಒಬ್ಬರು ತಪ್ಪು ಹೇಳಿದರೂ ಪಾಠ ತಿದ್ದಿ.

ಬೆಂಕಿ, ಹೊಗೆ ಅಂತ ನೇರ ಹೇಳಿದರೆ ಜನ ಗಾಬರಿಯಾಗಿ ನುಗ್ಗುತ್ತಾರೆ, ‘ತಾಂತ್ರಿಕ ಕಾರಣ’ ಅನ್ನಿ ಅಂತ ತರಬೇತಿಯಲ್ಲಿ ಹೇಳಿಕೊಟ್ಟರು. ಸರಿಯೇ?

ತಪ್ಪು. ಇದನ್ನು ಹೇಳಿಕೊಡಲು ಹಣ ತೆಗೆದುಕೊಳ್ಳುವವರ ಮೇಲೆ ನನಗೆ ಸಿಟ್ಟಿದೆ. ಮೂಗಿಗೆ ಹೊಗೆ ಬಡಿಯುತ್ತಿರುವಾಗ ಸ್ಪೀಕರ್ ‘ತಾಂತ್ರಿಕ ಕಾರಣ’ ಅಂದರೆ, ಆಮೇಲೆ ನೀವು ಹೇಳುವ ಯಾವ ಮಾತನ್ನೂ ಜನ ನಂಬುವುದಿಲ್ಲ. ಅಪಾಯದಲ್ಲಿ ಹೆಚ್ಚಿನವರು ತಕ್ಷಣ ಓಡುವುದಿಲ್ಲ, ಏನಾಯ್ತು ಅಂತ ನೋಡುತ್ತಾ ನಿಲ್ಲುತ್ತಾರೆ. ಸಮಯ ಕಳೆಯುವುದು ಅಲ್ಲಿ.

ಪ್ಲಾಟ್‌ಫಾರಂ ಬದಲಾವಣೆಯನ್ನು ಹೇಳುವಾಗ ಏನು ಎಚ್ಚರ ಬೇಕು?

ಅಲ್ಲಾಡಬೇಕಾಗಿಲ್ಲದವರಿಗೆ ಮೊದಲು ಹೇಳಿ. 2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ನಿಲ್ದಾಣದ ಕಾಲ್ತುಳಿತದಲ್ಲಿ 18 ಮಂದಿ ಸತ್ತರು. ಪ್ರಯಾಗ್‌ರಾಜ್ ಎಕ್ಸ್‌ಪ್ರೆಸ್‌ಗೆ ಜನ 14ನೇ ಪ್ಲಾಟ್‌ಫಾರಂನಲ್ಲಿ ಕಾಯುತ್ತಿದ್ದರು. ಪ್ರಯಾಗ್‌ರಾಜ್ ಸ್ಪೆಷಲ್ 16ಕ್ಕೆ ಬರುತ್ತದೆ ಅಂತ ಪ್ರಕಟಣೆ ಬಂತು. ಹೆಸರಿನ ಗೊಂದಲವೇ ಕಾರಣ ಅಂತ ಪೊಲೀಸರು ಹೇಳಿದ್ದರು. “ಪ್ರಯಾಗ್‌ರಾಜ್ ಎಕ್ಸ್‌ಪ್ರೆಸ್‌ನವರು 14ರಲ್ಲೇ ಇರಿ” ಅಂತ ಮೊದಲು ಹೇಳಬೇಕು. ಸ್ಪೆಷಲ್‌ನ ಮಾತು ಅದರ ನಂತರ.

ಮೊದಲು ಯಾವ ಭಾಷೆ?

ಕರ್ನಾಟಕದಲ್ಲಿ ಕನ್ನಡ.

ಮೂರೂ ಭಾಷೆ ಬೇಗ ಮುಗಿಯಲಿ ಅಂತ ವೇಗವಾಗಿ ಓದಬಹುದಾ?

ಬೇಡ. ಪದ ಕಡಿಮೆ ಮಾಡಿ, ವೇಗ ಇಳಿಸಿ, ಪ್ರತಿ ವಾಕ್ಯದ ನಂತರ ಒಂದು ಉಸಿರಿನಷ್ಟು ನಿಲ್ಲಿಸಿ.