f'' ಪಾಸಿಟಿವ್ ಆದ್ರೆ ಮಿನಿಮಮ್ ಯಾಕೆ, ಸೊನ್ನೆ ಬಂದ್ರೆ ಏನು ಬರೀಬೇಕು?

ಪ್ರಶ್ನೆ: ಸೆಕೆಂಡ್ ಡೆರಿವೇಟಿವ್ ಪಾಸಿಟಿವ್ ಬಂದ್ರೆ ಮಿನಿಮಮ್, ನೆಗೆಟಿವ್ ಬಂದ್ರೆ ಮ್ಯಾಕ್ಸಿಮಮ್ ಅಂತಾರೆ, ನಂಗೆ ಪರೀಕ್ಷೇಲಿ ಯಾವಾಗ್ಲೂ ಉಲ್ಟಾ ಆಗುತ್ತೆ. ಸೊನ್ನೆ ಬಂದ್ರೆ ಇನ್‌ಫ್ಲೆಕ್ಷನ್ ಪಾಯಿಂಟ್ ಅಂತ ಬರೆದ್ರೆ ಸರೀನಾ?

ಎರಡನೇದಕ್ಕೆ ಉತ್ತರ ಮೊದ್ಲು ಹೇಳ್ಬಿಡ್ತೀನಿ, ಸರಿಯಲ್ಲ. ಸೊನ್ನೆ ಬಂದ್ರೆ ಆ ಟೆಸ್ಟು ಏನೂ ಹೇಳ್ತಿಲ್ಲ ಅಂತ ಅರ್ಥ, ಅಷ್ಟೇ. ಆದ್ರೆ ಅದು ಯಾಕೆ ಅಂತ ಗೊತ್ತಾಗ್ಬೇಕಂದ್ರೆ ಮೊದಲನೇ ಗೊಂದಲ ಬಿಡಿಸ್ಕೊಬೇಕು, ಎರಡೂ ಒಂದೇ ಕಡೆಯಿಂದ ಬರ್ತವೆ.

f'' ನ ಫಂಕ್ಷನ್ ಜೊತೆ ಅಲ್ಲ, ಸ್ಲೋಪ್ ಜೊತೆ ಇಟ್ಟು ನೋಡಿ. f' ಅಂದ್ರೆ ಸ್ಲೋಪ್, f'' ಹೇಳೋದು ಆ ಸ್ಲೋಪ್ ಏರ್ತಿದ್ಯಾ ಇಳೀತಿದ್ಯಾ ಅಂತ. ಸೆಕೆಂಡ್ ಪಿಯುಸಿ ಪುಸ್ತಕದ ಡಬ್ಬಿ ಲೆಕ್ಕ ತಗೊಳ್ಳಿ, 18 ಸೆಂ.ಮೀ. ಚೌಕದ ತಗಡು, ನಾಲ್ಕೂ ಮೂಲೇಲಿ x ಅಳತೆ ಚೌಕ ಕತ್ತರಿಸಿ ಮಡಚಿದ್ರೆ ಮುಚ್ಚಳ ಇಲ್ಲದ ಡಬ್ಬಿ, ಯಾವ x ಗೆ ಜಾಸ್ತಿ ಹಿಡಿಯುತ್ತೆ?

V = x(18 − 2x)²
V' = 12(x − 3)(x − 9)
V'' = 24x − 144

V' ಸೊನ್ನೆ ಆಗೋದು 3 ಮತ್ತೆ 9 ರಲ್ಲಿ. ಈಗ 3 ರ ಅಕ್ಕಪಕ್ಕ ಸ್ಲೋಪ್ ಹಾಕಿ ನೋಡಿ: x = 2 ಆದ್ರೆ V' = 84, x = 3 ಆದ್ರೆ 0, x = 4 ಆದ್ರೆ −60. ಅಂದ್ರೆ ಹತ್ತುತಿತ್ತು, ನಿಂತ್ಕೊಳ್ತು, ಇಳಿಯಕ್ಕೆ ಶುರುವಾಯ್ತು, ಇದು ಗುಡ್ಡದ ತುದಿ ಅಲ್ದೆ ಇನ್ನೇನು? 84, 0, −60 ಅಂತ ಸ್ಲೋಪ್ ಕಮ್ಮಿಯಾಗ್ತಾ ಹೋಗಿದೆ, ಅದಕ್ಕೇ V''(3) = −72, ನೆಗೆಟಿವ್. ನೆಗೆಟಿವ್ ಅನ್ನೋದು ಎತ್ತರದ ಬಗ್ಗೆ ಅಲ್ಲ, ಸ್ಲೋಪ್ ಬೀಳ್ತಿರೋದ್ರ ಬಗ್ಗೆ. ಇದನ್ನ ಒಂದ್ಸಲ ನೀವೇ ಕೈಯಾರೆ ಮಾಡಿ, ಆಮೇಲೆ ಉಲ್ಟಾ ಆಗಲ್ಲ. 3 ಹಾಕಿದ್ರೆ V = 432 ಘನ ಸೆಂ.ಮೀ. 9 ರಲ್ಲಿ V'' = 72, ಮಿನಿಮಮ್, ಸರಿಯಾಗೇ ಇದೆ, 9 ಕತ್ತರಿಸಿದ್ರೆ ತಗಡೇ ಉಳಿಯಲ್ಲ, V ಸೊನ್ನೆ.

ಇಲ್ಲೇ ಇನ್ನೊಂದು ಮಾತು, ಇದನ್ನ ತುಂಬಾ ಜನ ಬಿಟ್ಬಿಡ್ತಾರೆ. ಅದೇ ಸೂತ್ರಕ್ಕೆ x = 20 ಹಾಕಿ, 9680 ಬರುತ್ತೆ, 432 ಕ್ಕಿಂತ ಎಷ್ಟೋ ದೊಡ್ಡದು! ಅಂದ್ರೆ V'' ನ ಚಿಹ್ನೆ ಹೇಳೋದು ಬರೀ ಅಕ್ಕಪಕ್ಕದ ವಿಷಯ. 432 ನೇ ಎಲ್ಲಕ್ಕಿಂತ ಜಾಸ್ತಿ ಅನ್ನೋಕೆ ಕಾರಣ ಬೇರೆ, x 0 ಇಂದ 9 ರ ಒಳಗೇ ಇರಬೇಕು, ಎರಡು ತುದೀಲೂ V ಸೊನ್ನೆ, ಮಧ್ಯೆ ಇರೋ ಕ್ರಿಟಿಕಲ್ ಪಾಯಿಂಟ್ ಒಂದೇ. ಉತ್ತರದಲ್ಲಿ ಈ ಸಾಲು ಬರೀಲೇಬೇಕು ಅಂತ ನಾನು ಹೇಳ್ತೀನಿ.

ಈಗ ಸೊನ್ನೆ ವಿಷಯ. f = x⁴ ತಗೊಳ್ಳಿ, f' = 4x³, f'' = 12x², 0 ಯಲ್ಲಿ ಎರಡೂ ಸೊನ್ನೆ. ಆದ್ರೆ x⁴ ಯಾವತ್ತೂ ನೆಗೆಟಿವ್ ಆಗಲ್ವಲ್ಲ, 0 ಯಲ್ಲಿ ಇರೋದು ಖಂಡಿತ ಮಿನಿಮಮ್ಮೇ. −x⁴ ಆದ್ರೆ ಅದೇ ಜಾಗದಲ್ಲಿ ಮ್ಯಾಕ್ಸಿಮಮ್, ಅಲ್ಲೂ f'' ಸೊನ್ನೆ. ತಳ ಅಥವಾ ತುದಿ ತುಂಬಾ ಚಪ್ಪಟೆ ಆಗಿದ್ರೆ ಆ ಒಂದು ಬಿಂದುವಲ್ಲಿ ಸ್ಲೋಪ್ ಬದಲಾಗೋ ವೇಗ ಸೊನ್ನೆ ಆಗ್ಬಿಡುತ್ತೆ, ಆಗ ಚಿಹ್ನೆ ಅಂತ ನೋಡಕ್ಕೆ ಏನೂ ಸಿಗಲ್ಲ.

ಹಾಗಾದ್ರೆ ಏನ್ಮಾಡೋದು? ವಾಪಸ್ f' ಗೆ ಹೋಗಿ ಎರಡೂ ಪಕ್ಕ ನೋಡಿ.

f = 3x⁴ − 4x³
f' = 12x²(x − 1)
f'' = 36x² − 24x

ಕ್ರಿಟಿಕಲ್ ಪಾಯಿಂಟ್ 0 ಮತ್ತೆ 1. f''(1) = 12, ಮಿನಿಮಮ್, ಬೆಲೆ −1, ಅಲ್ಲಿಗೆ ಮುಗೀತು. 0 ಯಲ್ಲಿ f'' = 0. ಎಡಕ್ಕೆ −0.1 ಹಾಕಿದ್ರೆ f' = −0.132, ಬಲಕ್ಕೆ 0.1 ಹಾಕಿದ್ರೆ −0.108. ಎರಡೂ ನೆಗೆಟಿವ್, ಅಂದ್ರೆ ಇಳೀತಾ ಬಂದು ಒಂದು ಕ್ಷಣ ಸಮತಟ್ಟಾಗಿ ಮತ್ತೆ ಇಳಿದಿದೆ, ಮ್ಯಾಕ್ಸಿಮಮ್ಮೂ ಅಲ್ಲ ಮಿನಿಮಮ್ಮೂ ಅಲ್ಲ. ಹೌದು, ಈ ಲೆಕ್ಕದಲ್ಲಿ 0 ಇನ್‌ಫ್ಲೆಕ್ಷನ್ ಪಾಯಿಂಟೇ, ಆದ್ರೆ f'' ಸೊನ್ನೆ ಬಂತು ಅಂತ ಅಲ್ಲ, f'' ನ ಚಿಹ್ನೆ ಅಲ್ಲಿ ಬದಲಾಯ್ತು ಅಂತ: −0.1 ರಲ್ಲಿ 2.76, 0.1 ರಲ್ಲಿ −2.04. x⁴ ಗೆ ಇದೇ ಮಾಡಿದ್ರೆ ಎರಡೂ ಕಡೆ 0.12, ಪಾಸಿಟಿವ್ವೇ, ಬದಲಾಗ್ಲೇ ಇಲ್ಲ.

ಇನ್ನೂ ಒಂದು, ಇದೇ ಫಂಕ್ಷನ್‌ಗೆ x = 2/3 ರಲ್ಲೂ f'' ಸೊನ್ನೆ ಆಗಿ ಚಿಹ್ನೆ ಬದಲಾಗುತ್ತೆ, ಅಲ್ಲೂ ಇನ್‌ಫ್ಲೆಕ್ಷನ್ ಇದೆ, ಆದ್ರೆ f' ಅಲ್ಲಿ −16/9, ಕ್ರಿಟಿಕಲ್ ಪಾಯಿಂಟೇ ಅಲ್ಲ. ಹಾಗಾಗಿ ಪೇಪರ್‌ನಲ್ಲಿ f'' ಸೊನ್ನೆ ಬಂದಾಗ 'ಸೆಕೆಂಡ್ ಡೆರಿವೇಟಿವ್ ಟೆಸ್ಟ್ ಇಲ್ಲಿ ನಡೆಯಲ್ಲ' ಅಂತ ಒಂದು ಸಾಲು ಬರೆದು, ಕೆಳಗೆ f' ನ ಎಡ ಬಲ ಚಿಹ್ನೆ ತೋರಿಸಿ ತೀರ್ಮಾನ ಬರೀರಿ.