ಪೊಲೀಸರು ಬಿಟ್ಟರು, ಕೋರ್ಟು ಯಾಕೆ ಬಿಡಲಿಲ್ಲ?

"ಹಿಂದಿನ ಸಂಚಿಕೆಯ ಸ್ಕೂಟರ್ ಕಥೆ ಓದಿ ಬೇಜಾರಾಯಿತು. ಮೇಷ್ಟ್ರು ಸ್ಕೂಟರ್ ಮಾರಿ, ದುಡ್ಡು ಎಣಿಸಿಕೊಂಡು, ಕೀ ಕೊಟ್ಟು ಎರಡು ವರ್ಷವಾಗಿದೆ. ಆರ್‌ಸಿ ಮಾತ್ರ ಅವರ ಹೆಸರಲ್ಲೇ ಇದೆ. ಕೊಂಡ ಹುಡುಗ ಒಬ್ಬ ಹೆಂಗಸಿಗೆ ಗುದ್ದುತ್ತಾನೆ. ಮಾರಾಟದ ಪತ್ರ ನೋಡಿ ಪೊಲೀಸರು ಮೇಷ್ಟ್ರನ್ನು ಮನೆಗೆ ಕಳಿಸುತ್ತಾರೆ. ಅದೇ ಪತ್ರ ತೋರಿಸಿದರೆ ಕೋರ್ಟ್ ಮಾತ್ರ ಪರಿಹಾರ ಕಟ್ಟಿ ಅನ್ನುತ್ತದೆ! ಓದುಗರನ್ನು ಅಳಿಸಲು ಕಥೆಗಾರರು ಮಾಡಿದ ಎಡವಟ್ಟು ಅಲ್ವಾ ಇದು? ಹೋದ ವರ್ಷ ನಾನೂ ಫಾರಂಗಳಿಗೆ ಸಹಿ ಹಾಕಿ ಬೈಕ್ ಮಾರಿದ್ದೇನೆ. ಅದಕ್ಕೇ ಕೇಳುತ್ತಿದ್ದೇನೆ." — ಒಬ್ಬ ಓದುಗರು

ಪ್ರಿಯ ಓದುಗರೇ,

ಎಡವಟ್ಟಲ್ಲ. ಹಸ್ತಪ್ರತಿ ಬಂದಾಗ ನನಗೂ ಇದೇ ಅನುಮಾನ ಬಂದಿತ್ತು. ಕಾನೂನು ಓದಿ ನೋಡಿದ ಮೇಲೆ ಆ ಎರಡು ದೃಶ್ಯಗಳಲ್ಲಿ ಒಂದಕ್ಷರವನ್ನೂ ಮುಟ್ಟಲಿಲ್ಲ.

ಠಾಣೆಯಲ್ಲಿ ಕೇಳಿದ್ದು ಒಂದು ಪ್ರಶ್ನೆ, ಕೋರ್ಟಿನಲ್ಲಿ ಕೇಳಿದ್ದು ಇನ್ನೊಂದು. ಪೊಲೀಸರಿಗೆ ಬೇಕಿದ್ದದ್ದು ಆ ಹೊತ್ತಿಗೆ ಗಾಡಿ ಓಡಿಸಿದವರು ಯಾರು ಎಂಬುದು. ಅಜಾಗರೂಕತೆಯಿಂದ ಗುದ್ದಿದ ಅಪರಾಧ ಓಡಿಸಿದವನದು. ಗಾಡಿ ಯಾರ ಹೆಸರಲ್ಲಿದೆಯೋ ಅವರು ಸವಾರನ ವಿವರ ಕೊಡಬೇಕು, ಅಷ್ಟೆ. ಮೇಷ್ಟ್ರ ಕೈಯಲ್ಲಿದ್ದ ಪತ್ರದಲ್ಲಿ ಮಾರಿದ ತಾರೀಖು, ಕೀ ಕೊಟ್ಟ ಸಮಯ, ಹುಡುಗನ ವಿಳಾಸ, ಸಹಿ ಎಲ್ಲ ಇತ್ತು. ಅಲ್ಲಿ ಅದು ಅವರನ್ನು ಕಾಪಾಡಿತು.

ಪರಿಹಾರದ ಕೋರ್ಟ್ ಕೇಳುವುದು ಬೇರೆ: ಈ ಗಾಡಿಯ ಮಾಲೀಕರು ಯಾರು? 1988ರ ಮೋಟಾರು ವಾಹನ ಕಾಯ್ದೆಯ ಕಲಂ 2(30) ಇದಕ್ಕೆ ನೇರವಾಗಿ ಉತ್ತರಿಸುತ್ತದೆ. ಸಾಲದ ಮೇಲೆ ಕೊಂಡ ಗಾಡಿಯಂಥ ಕೆಲವು ಸಂದರ್ಭ ಬಿಟ್ಟರೆ, ನೋಂದಣಿ ಯಾರ ಹೆಸರಲ್ಲಿದೆಯೋ ಅವರೇ ಮಾಲೀಕರು. ದುಡ್ಡು ಕೊಟ್ಟವರೂ ಅಲ್ಲ, ಮನೆ ಮುಂದೆ ನಿಲ್ಲಿಸಿಕೊಂಡವರೂ ಅಲ್ಲ.

2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಒಂದು ಕಾರು ಒಬ್ಬರಿಂದ ಇನ್ನೊಬ್ಬರಿಗೆ ಮಾರಾಟವಾಗುತ್ತಾ ಹೋಗಿತ್ತು. ಹೆಸರು ಮಾತ್ರ ಮೊದಲಿನವರದೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆ ಆ ಮೊದಲಿನವರ ಮೇಲೇ ಬಿತ್ತು. ನೊಂದವರು ಕೈ ಬದಲಾದ ಜಾಡು ಹಿಡಿದು ಅಲೆಯುವಂತಾಗಬಾರದು ಎಂಬುದು ಕೋರ್ಟಿನ ಮಾತು. ಕಥೆಯಲ್ಲಿ ಕಾಲು ಮುರಿದುಕೊಂಡ ಆ ಹೆಂಗಸಿನ ಕಡೆಯಿಂದ ಒಮ್ಮೆ ನೋಡಿ. ಅವರಿಗೆ ಕಂಡದ್ದು ನಂಬರ್ ಪ್ಲೇಟ್ ಒಂದೇ. ಹಾಸಿಗೆ ಹಿಡಿದಿರುವವರು, ಸ್ಕೂಟರನ್ನು ಯಾರು ಯಾರಿಗೆ ಮಾರಿದರು ಎಂದು ಎಲ್ಲಿ ಹುಡುಕಬೇಕು? ನನಗೆ ಮೇಷ್ಟ್ರ ಮೇಲೆ ತುಂಬಾ ಕನಿಕರವಿದೆ. ಆದರೂ ಈ ತೀರ್ಪು ಸರಿ ಅನ್ನಿಸುತ್ತದೆ.

ಕಥೆಯಲ್ಲಿ ಒಂದು ಸಾಲು ನಿಮ್ಮ ಕಣ್ಣು ತಪ್ಪಿರಬಹುದು. ಹುಡುಗ ವಿಮೆ ನವೀಕರಿಸಿರಲಿಲ್ಲ. ಮೇಷ್ಟ್ರನ್ನು ನಿಜವಾಗಿ ಮುಳುಗಿಸಿದ್ದು ಇದು. ವಿಮೆ ಚಾಲ್ತಿಯಲ್ಲಿದ್ದಿದ್ದರೆ, ಸಾಮಾನ್ಯವಾಗಿ ವಿಮಾ ಕಂಪನಿಯೇ ಆ ಹೆಂಗಸಿಗೆ ದುಡ್ಡು ಕಟ್ಟುತ್ತಿತ್ತು. ಅದು ಮುಗಿದಿದ್ದರಿಂದ ಹೊರೆಯೆಲ್ಲ ಮೇಷ್ಟ್ರ ಪಿಂಚಣಿಯ ಮೇಲೆ ಬಂತು. ಕಟ್ಟಿದ ಹಣವನ್ನು ಹುಡುಗನಿಂದ ವಸೂಲಿ ಮಾಡಲು ಅವರು ಬೇರೆ ದಾವೆ ಹೂಡಬಹುದು, ಆ ಪತ್ರ ಅಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಆದರೆ ಅವನ ಹತ್ತಿರ ದುಡ್ಡಿರಬೇಕಲ್ಲ!

ಇನ್ನು ನಿಮ್ಮ ಬೈಕ್ ವಿಷಯ. ಅದೇ ನನಗೆ ಜಾಸ್ತಿ ಚಿಂತೆ. ಸ್ಕೂಟರಿನ ಸೀಟಿನ ಮೇಲೆ ಕಾಗದ ಹರಡಿ ಮೇಷ್ಟ್ರು ಸಹಿ ಹಾಕುವ ದೃಶ್ಯ ನೆನಪಿದೆಯಾ? ಆ ಹಾಳೆಗಳೇ ಫಾರಂ 29 ಮತ್ತು 30. "ನಾನೇ ಆರ್‌ಟಿಒಗೆ ಕೊಡ್ತೀನಿ ಸಾರ್" ಅಂತ ಹುಡುಗ ಎರಡನ್ನೂ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾನೆ. ತಪ್ಪಿದ್ದು ಅಲ್ಲೇ. ಫಾರಂ 29 ಮಾರಿದವರು ಕೊಡುವ ವರದಿ. ಒಂದೇ ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಅದನ್ನು ಆರ್‌ಟಿಒಗೆ ತಲುಪಿಸುವುದು ಮಾರಿದವರ ಕೆಲಸ. ಫಾರಂ 30 ಹೆಸರು ಬದಲಾವಣೆಗೆ ಕೊಂಡವರು ಕೊಡುವ ಅರ್ಜಿ. ನೀವೂ ಎರಡನ್ನೂ ಅವರ ಕೈಗೇ ಕೊಟ್ಟಿರಬೇಕು ಎಂದು ನನ್ನ ಊಹೆ.

ಇವತ್ತೇ parivahan.gov.in ತಾಣದಲ್ಲಿ ಗಾಡಿಯ ನಂಬರ್ ಹಾಕಿ ನೋಡಿ. ಮಾಲೀಕರ ಹೆಸರು ಬದಲಾಗಿದೆಯಾ, ವಿಮೆ ಯಾವತ್ತಿನವರೆಗೆ ಇದೆ, ಎರಡನ್ನೂ ಗಮನಿಸಿ. ಹೆಸರು ನಿಮ್ಮದೇ ಇದ್ದರೆ ಕೊಂಡವರನ್ನು ಜೊತೆಗೇ ಆರ್‌ಟಿಒಗೆ ಕರೆದುಕೊಂಡು ಹೋಗಿ. ವಿಮೆ ಮುಗಿದಿದ್ದರೆ ಕನಿಷ್ಠ ಥರ್ಡ್ ಪಾರ್ಟಿ ವಿಮೆಯನ್ನು ಮೊದಲು ಮಾಡಿಸಿ, ಆಮೇಲೆ ಉಳಿದದ್ದು. ಅವರು ಸಿಗದಿದ್ದರೆ ಮಾರಾಟದ ಪತ್ರದ ಪ್ರತಿ ಇಟ್ಟು ಆರ್‌ಟಿಒಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಅಷ್ಟರಿಂದಲೇ ಹೊಣೆ ತಪ್ಪುವುದಿಲ್ಲ. ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಬೆನ್ನು ಬಿಡಬೇಡಿ.

ನಂಬರ್ ಹಾಕಿದಾಗ ಯಾರ ಹೆಸರು ಬಂತು, ನನಗೊಂದು ಸಾಲು ಬರೆಯಿರಿ.

— ಸಂಪಾದಕ